ತಾರಸಿ ಸೋರಿಕೆ ರಿಪೇರಿ: ಒಬ್ಬರೇ ಕೆಲಸ ಹಿಡಿಯುವ ಮೇಸ್ತ್ರಿ, ಇಂಜಿನಿಯರ್ ರೇಟು ಹೇಳೋದು ಹೇಗೆ?

ಮಳೆ ಶುರುವಾದರೆ ಸಾಕು, ಸೋರೋ ತಾರಸಿಗೆ ಜನ ಮೇಸ್ತ್ರಿ ಹುಡುಕೋಕೆ ಹೊರಡ್ತಾರೆ. ಸ್ವಂತವಾಗಿ ಕೆಲಸ ಹಿಡಿಯಲು ಹೊರಟ ಸಿವಿಲ್ ಇಂಜಿನಿಯರ್‌ಗೋ, ಅನುಭವಿ ಗಾರೆ ಮೇಸ್ತ್ರಿಗೋ ಮೊದಲು ಸಿಗೋದು ಇಂಥದ್ದೇ ಸಣ್ಣ ಗುತ್ತಿಗೆ. ಕೈಯಿಂದ ದುಡ್ಡು ಹೋಗೋದೂ ಇಲ್ಲೇ. ಕಾರಣ ಒಂದೇ: ನೀರು ಎಲ್ಲಿಂದ ಬರ್ತಿದೆ ಅಂತ ನೋಡದೆ, ನಿಂತಲ್ಲೇ ಒಟ್ಟು ಮೊತ್ತ ಹೇಳಿಬಿಡೋದು.

ಮೊದಲು ಕಾರಣ, ಆಮೇಲೆ ರೇಟು

ಒಂದು ಉದಾಹರಣೆ ತಗೊಳ್ಳೋಣ. ದಿನಸಿ ಅಂಗಡಿಯೊಂದರ ಮೂಲೆಯಲ್ಲಿ ಸೀಲಿಂಗ್ ತೇವ ಆಗಿ, ಅಕ್ಕಿ ಮೂಟೆ ಮೇಲೆ ಹನಿ ಬೀಳ್ತಿದೆ. ಮಳೆ ನಿಂತು ನಾಲ್ಕೈದು ದಿನ ಬಿಸಿಲು ಬಿದ್ದರೂ ಹನಿ ಒಂದೇ ಸಮ ಬೀಳ್ತಿದ್ದರೆ ಪೈಪ್ ಅಥವಾ ಟ್ಯಾಂಕ್ ಮೇಲೆ ಅನುಮಾನ ಪಡಿ. ರಾತ್ರಿ ಟ್ಯಾಂಕಿನ ವಾಲ್ವ್ ಬಂದ್ ಮಾಡಿಸಿ, ಬೆಳಿಗ್ಗೆಗೆ ಹನಿ ಕಮ್ಮಿ ಆಯ್ತಾ ನೋಡಿ.

ಮಳೆಗೆ ಮಾತ್ರ ಸೋರೋದಾದರೆ ನೀರು ನಿಲ್ಲಿಸಿ ಪರೀಕ್ಷೆ ಮಾಡಬೇಕು. ಮೊದಲು ಪ್ಯಾರಪಿಟ್ ಗೋಡೆಯಿಂದ ಒಂದಡಿ ಬಿಟ್ಟು ಗಾರೆಯ ಸಣ್ಣ ಕಟ್ಟೆ ಕಟ್ಟಿ, ಒಂದೆರಡು ಇಂಚು ನೀರು 24 ಗಂಟೆ ನಿಲ್ಲಿಸಿ. ಕೆಳಗೆ ತೇವ ಬಂದರೆ ತಪ್ಪು ತಾರಸಿಯ ನೆಲದ್ದು. ಬರದಿದ್ದರೆ ಮಾರನೇ ದಿನ ನೀರನ್ನು ಗೋಡೆಯ ಬುಡದವರೆಗೂ ಬಿಡಿ. ಆಗ ಸೋರಿದರೆ ತಪ್ಪು ಗೋಡೆ ಮತ್ತು ತಾರಸಿ ಸೇರೋ ಜಾಗದಲ್ಲಿದೆ. ಹೊಡೆದು ನೋಡಿದಾಗ ಟೊಳ್ಳು ಸದ್ದು ಬರೋ ಜಾಗಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆದರೆ ಕೆಳಗೆ ಕಂಬಿ ಹೊರಬಿದ್ದು ಕಾಂಕ್ರೀಟ್ ಉದುರುತ್ತಿರೋ ತಾರಸಿಗೆ ನೀರು ನಿಲ್ಲಿಸಲೇಬೇಡಿ. ಅದು ಸೋರಿಕೆ ಕೆಲಸ ಅಲ್ಲ, ಸ್ಟ್ರಕ್ಚರಲ್ ಇಂಜಿನಿಯರ್ ನೋಡಬೇಕಾದ ಕೆಲಸ.

ಲೆಕ್ಕ ಹೀಗೆ

ನಮ್ಮ ಅಂಗಡಿಯಲ್ಲಿ 6 ಅಡಿ x 5 ಅಡಿ ಜಾಗ ಟೊಳ್ಳಾಗಿದೆ, ಗೋಡೆ ಬುಡ 35 ಅಡಿ ಬಿಟ್ಟುಕೊಂಡಿದೆ ಅಂತಿಟ್ಟುಕೊಳ್ಳಿ. ಟೊಳ್ಳು ಗಾರೆ ಕಿತ್ತು, ಒಂದೂವರೆ ಇಂಚಿನ ಹೊಸ ಗಾರೆಯನ್ನು ನೀರು ಹೋಗೋ ವಾಟ ಕೊಟ್ಟು ಹಾಕಬೇಕು. ಗೋಡೆ ಬುಡಕ್ಕೆ 3 ಇಂಚಿನ ಇಳಿಜಾರು ಗಾರೆ ಬೇಕು. ಎರಡೂ ಸೇರಿ ಸುಮಾರು 5 ಘನ ಅಡಿ. 1:4 ಮಿಶ್ರಣಕ್ಕೆ ಸಿಮೆಂಟ್ ಹಾಲು, ವೇಸ್ಟ್ ಎಲ್ಲ ಸೇರಿಸಿ 2 ಮೂಟೆ ಸಿಮೆಂಟ್, 6 ಚೀಲ ಎಂ ಸ್ಯಾಂಡ್ ಸಾಕು.

ಈ ಕೆಳಗಿನ ದರ ಉದಾಹರಣೆಗೆ ಮಾತ್ರ, ನಿಮ್ಮೂರಿನದ್ದು ಹಾಕಿಕೊಳ್ಳಿ.

- ಮೇಸ್ತ್ರಿ 2 ದಿನ, ಹೆಲ್ಪರ್ 4 ಆಳು: 4,800 ರೂ.
- ಸಿಮೆಂಟ್, ಮರಳು, ವಾಟರ್‌ಪ್ರೂಫ್ ದ್ರಾವಣ, ಎರಡು ಕೋಟ್ ಬಣ್ಣ: 3,400 ರೂ.
- ಸಾಮಾನು ತರೋದು, ಕಿತ್ತ ಮಣ್ಣು ಸಾಗಿಸೋದು: 800 ರೂ.

ಒಟ್ಟು 9,000. ಹೊಸಬರು ಇದಕ್ಕೆ 500 ಸೇರಿಸಿ "9,500ಕ್ಕೆ ಮಾಡಿಕೊಡ್ತೀನಿ ಅಣ್ಣ" ಅಂತಾರೆ. ಆದರೆ ಮೊದಲು ನೋಡೋಕೆ, ಎರಡು ಸಲ ನೀರು ನಿಲ್ಲಿಸೋಕೆ, ಗಾರೆ ಹಾಕೋ ದಿನ, ಬಣ್ಣದ ದಿನ, ಕೊನೆ ಪರೀಕ್ಷೆಗೆ ಅಂತ 6 ಸಲ ನೀವು ಹೋಗಲೇಬೇಕು. ಸಲಕ್ಕೆ 300 ಅಂದ್ರೂ 1,800. ಮಳೆಯಲ್ಲಿ ಮತ್ತೆ ಹತ್ತಬೇಕಾದರೆ ಅಂತ ಇಟ್ಟುಕೊಳ್ಳೋ ಹಣ ಮತ್ತು ಲಾಭಕ್ಕೆ ಶೇ. 20, ಅಂದರೆ ಇನ್ನೂ 1,800. ನಿಜವಾದ ರೇಟು 12,600. ಇದಕ್ಕಿಂತ ಕಮ್ಮಿ ಹೇಳಿದರೆ ಆ ಹಣ ಹೋಗೋದು ನಿಮ್ಮ ಜೇಬಿಂದ.

ಚೀಟಿಯಲ್ಲಿ ಬರೆದಿರಲಿ

ಗುರುತು ಹಾಕಿದ ಜಾಗದ ಫೋಟೋ, ಅಳತೆ, ಮೊತ್ತ ಬರೆದು ವಾಟ್ಸಾಪ್‌ನಲ್ಲಿ ಕಳಿಸಿ, ಒಪ್ಪಿಗೆ ಪಡೆಯಿರಿ. "ಕಿತ್ತಾಗ ತುಕ್ಕು ಹಿಡಿದ ಕಂಬಿ ಸಿಕ್ಕರೆ ಕೆಲಸ ನಿಲ್ಲಿಸಿ ಬೇರೆ ಲೆಕ್ಕ ಕೊಡ್ತೀವಿ" ಅನ್ನೋ ಒಂದು ಸಾಲು ಇರಲೇಬೇಕು. ಗ್ಯಾರಂಟಿ ಕೊಟ್ಟರೆ ರಿಪೇರಿ ಮಾಡಿದ ಜಾಗಕ್ಕೆ ಮಾತ್ರ, ಒಂದು ಮಳೆಗಾಲಕ್ಕೆ ಅಂತ ಬರೆಯಿರಿ.

ಹಣ ಮೂರು ಕಂತಲ್ಲಿ ಬರಲಿ: ಸಾಮಾನಿಗೆ ಮುಂಗಡ ಶೇ. 40, ಗಾರೆ ಹಾಕಿದ ಮೇಲೆ ಶೇ. 40, ಉಳಿದ 2,520 ರೂ. ಕೊನೆಗೆ. ಗಾರೆಗೆ 7 ದಿನ ನೀರುಣಿಸಿ, ಒಣಗಿದ ಮೇಲೆ ಬಣ್ಣ ಹೊಡೆದು, ಮತ್ತೆ 24 ಗಂಟೆ ನೀರು ನಿಲ್ಲಿಸಿ ಮಾಲೀಕರಿಗೆ ತೋರಿಸಿದ ದಿನವೇ ಆ ಕೊನೆ ಕಂತು ಕೇಳಿ.

ಹೊಸ ಮನೆಯ ಮೇಲ್ವಿಚಾರಣೆ ಸಿಕ್ಕರೂ ಇದೇ ಕ್ರಮ: ಭೇಟಿ ಲೆಕ್ಕದಲ್ಲಿ ಫೀಸು ಹೇಳಿ, ಮುಚ್ಚಿಹೋಗೋ ಕೆಲಸಕ್ಕೆ ಮುಂಚೆ ಕರೀಬೇಕು ಅಂತ ಬರೆಸಿಕೊಳ್ಳಿ. ಮೋಲ್ಡ್ ಹಾಕೋ ಮುಂಚೆ ಕಂಬಿ ನೋಡಬೇಕು, ಪ್ಲಾಸ್ಟರ್ ಮುಂಚೆ ಪೈಪಿಗೆ ನೀರಿನ ಒತ್ತಡ ಕೊಟ್ಟು ನೋಡಬೇಕು. ಮುಚ್ಚಿದ ಮೇಲೆ ಕರೆದರೆ, ಒಳಗೆ ಏನಿದೆ ಅಂತ ನೀವು ಸಹಿ ಹಾಕೋಕಾಗಲ್ಲ.