ತಡವಾದ ಸರಕಿಗೆ ಫ್ರೆಂಚಿನಲ್ಲಿ ಕ್ಷಮೆ

ಫ್ರಾನ್ಸಿನ ಗ್ರಾಹಕರಿಗೆ ಸರಕು ತಡವಾದಾಗ ಬರೆಯುವ ಕ್ಷಮಾಪಣೆಯ ಇ-ಮೇಲನ್ನು ಕನ್ನಡದಲ್ಲಿ ಯೋಚಿಸಿ ಫ್ರೆಂಚಿಗೆ ತರುವವರು ಮೊದಲು ತಿದ್ದಬೇಕಾದದ್ದು ಕನ್ನಡದ ಕರಡನ್ನೇ. ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆ ಲಿಯೋನ್ ನಗರದ ಅಂಗಡಿಗೆ ಮಾರ್ಚ್ 10ರೊಳಗೆ 400 ಡಬ್ಬಿ ಆಟಿಕೆ ತಲುಪಿಸಬೇಕಿತ್ತು ಎಂದಿಟ್ಟುಕೊಳ್ಳೋಣ. ಹಾಲೆ ಮರ ಇನ್ನೂ ಒಣಗಿಲ್ಲ. ಹಸಿ ಮರ ಕಡೆದರೆ ಗೊಂಬೆ ಮುಂದೆ ಬಿರುಕು ಬಿಡುತ್ತದೆ, ಹಾಗಾಗಿ ಕೆಲಸ ನಿಂತಿದೆ.

ಇಂಥ ಹೊತ್ತಿನಲ್ಲಿ ಕೈಗೆ ಬರುವ ಕನ್ನಡ ಒಕ್ಕಣೆ ಎಂದರೆ, "ಅನಿವಾರ್ಯ ಕಾರಣಗಳಿಂದ ತಡವಾಗಿದೆ, ಆದಷ್ಟು ಬೇಗ ಕಳುಹಿಸುತ್ತೇವೆ, ದಯವಿಟ್ಟು ಸಹಕರಿಸಿ." ಇದನ್ನು ಎಷ್ಟು ಚೆಂದದ ಫ್ರೆಂಚಿಗೆ ತಂದರೂ ಅಂಗಡಿಯವರಿಗೆ ಬೇಕಾದ ಮಾಹಿತಿ ಅದರಲ್ಲಿಲ್ಲ. ಮರ ಒಣಗದ ಸಂಗತಿಯನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಸಿದ್ಧವಿರುವ 250 ಡಬ್ಬಿ ಮೊದಲು ಹೊರಡುತ್ತವೆ, ಉಳಿದ 150 ಮಾರ್ಚ್ 24ಕ್ಕೆ ಲಿಯೋನ್ ತಲುಪುತ್ತವೆ ಎಂದು ಬರೆಯಬೇಕು. ಅದು ಕಾರ್ಖಾನೆ ಬಿಡುವ ದಿನವೋ ಅಂಗಡಿ ಸೇರುವ ದಿನವೋ ಎಂಬುದು ಸ್ಪಷ್ಟವಿರದಿದ್ದರೆ ಎರಡನೇ ಕ್ಷಮಾಪಣೆಯನ್ನೂ ಬರೆಯಬೇಕಾದೀತು.

ಫ್ರೆಂಚಿಗೆ ತರುವಾಗ ದೊಡ್ಡ ಎಡವಟ್ಟು ಆಗುವುದು ವಿಷಯದ ಸಾಲಿನಲ್ಲೇ. ಇಂಗ್ಲಿಷಿನ 'ಡಿಲೇ' ನೆನಪಿನಲ್ಲಿ 'ದೆಲೆ' ಎಂದು ಬರೆಯುವವರಿದ್ದಾರೆ. ಫ್ರೆಂಚಿನಲ್ಲಿ 'ದೆಲೆ' ಎಂದರೆ ಒಂದು ಕೆಲಸಕ್ಕೆ ಗೊತ್ತುಮಾಡಿದ ಅವಧಿ. ತಡಕ್ಕೆ ಇರುವ ಪದ 'ರೆತಾರ್'. ವಿಷಯದ ಸಾಲಿನಲ್ಲಿ 'ರೆತಾರ್ ದ ಲಿವ್ರೆಜೋಂ' ಎಂಬ ಮಾತೂ ಆರ್ಡರ್ ಸಂಖ್ಯೆಯೂ ಇದ್ದರೆ ಸಾಕು.

ಸಂಬೋಧನೆಯಲ್ಲಿ ಹೆಸರು ಬೇಕಿಲ್ಲ. ಓದುವವರು ಹೆಣ್ಣೆಂದು ಗೊತ್ತಿದ್ದರೆ 'ಮಾದಾಮ್', ಗಂಡಾದರೆ 'ಮೊಸ್ಯೊ', ಯಾರೆಂದು ತಿಳಿಯದಿದ್ದರೆ ಎರಡನ್ನೂ ಬರೆದು ಅಲ್ಪವಿರಾಮ ಹಾಕುವುದು ರೂಢಿ. ಪತ್ರದುದ್ದಕ್ಕೂ ಬಹುವಚನದ 'ವು' ಇರಬೇಕು. ಸಲಿಗೆಯ 'ತ್ಯು' ಇಲ್ಲಿ ಸಲ್ಲದು.

ಕ್ಷಮೆ ಕೇಳುವ ಸಾಲಿಗೂ ಒಂದು ಶಿಷ್ಟ ರೂಪವಿದೆ. ಮಾತಿನಲ್ಲಿ ಬಳಕೆಯಾಗುವ 'ಜ ಮೆಕ್ಸ್‌ಕ್ಯೂಜ್' ಎಂಬುದಕ್ಕೆ ತನ್ನನ್ನು ತಾನೇ ಕ್ಷಮಿಸಿಕೊಂಡಂತೆ ಅರ್ಥ ಬರುತ್ತದೆಂದು ಭಾಷೆಯ ವಿಷಯದಲ್ಲಿ ಕಟ್ಟುನಿಟ್ಟಿನವರು ಆಕ್ಷೇಪಿಸುತ್ತಾರೆ. 'ನಮ್ಮನ್ನು ದಯವಿಟ್ಟು ಕ್ಷಮಿಸಬೇಕೆಂದು ತಮ್ಮನ್ನು ಪ್ರಾರ್ಥಿಸುತ್ತೇವೆ' ಎಂಬರ್ಥದ ಉದ್ದನೆಯ ವಾಕ್ಯವೇ ಇಲ್ಲಿ ಸರಿ. ಕನ್ನಡದ ಹಳೆಯ ಅರ್ಜಿಗಳ ಧಾಟಿ ಬಲ್ಲವರಿಗೆ ಇದು ಹೊಸದೆನಿಸದು. ಒಮ್ಮೆ ಕೇಳಿದರೆ ಸಾಕು. ಪ್ಯಾರಾಕ್ಕೊಂದರಂತೆ ಕ್ಷಮೆ ಬಂದರೆ ಹೊಸ ದಿನಾಂಕ ಅದರಡಿ ಮುಚ್ಚಿಹೋಗುತ್ತದೆ.

ದಿನನಿತ್ಯದ ಇ-ಮೇಲಿಗೆ 'ಕೊರ್ದ್ಯಾಲ್ಮಾಂ' ಎಂಬ ಒಂದೇ ಪದದ ಮುಕ್ತಾಯ ನಡೆಯುತ್ತದೆ. ತಪ್ಪೊಪ್ಪುವ ಪತ್ರಕ್ಕೆ ಗೌರವಪೂರ್ವಕ ವಂದನೆಗಳನ್ನು ಸ್ವೀಕರಿಸಬೇಕೆಂದು ಕೋರುವ ಪೂರ್ಣ ವಾಕ್ಯ ಒಳ್ಳೆಯದು. ಆರಂಭದಲ್ಲಿ 'ಮಾದಾಮ್' ಎಂದಿದ್ದರೆ ಆ ವಾಕ್ಯದ ನಡುವೆಯೂ 'ಮಾದಾಮ್' ಎಂದೇ ಬರಬೇಕು.