‘ಹಿಂದಿನ ನಮೂನೆಯಲ್ಲೇ ಬರೆದುಕೊಡಿ’ ಎಂದರೆ ಯಾವ ನಮೂನೆ?

ಹೊಸ ಅಂಗಿ ಹೊಲಿಸಲು ಹೋದವರು ‘ಹಳೆಯ ಅಳತೆಗೇ ಹೊಲಿಯಿರಿ’ ಎಂದು ಬಟ್ಟೆ ಕೊಟ್ಟು ಬರುವುದನ್ನು ನೀವು ನೋಡಿರಬಹುದು. ದರ್ಜಿ ಪರಿಚಯದವನಾಗಿದ್ದರೆ ಅಷ್ಟೇ ಮಾತು ಸಾಕು. ಅವನ ಬಳಿ ಅಳತೆಯ ಪುಸ್ತಕವಿರುತ್ತದೆ. ಹೆಸರು ಹುಡುಕಿ, ತೋಳು ಇಷ್ಟು, ಎದೆ ಇಷ್ಟು ಎಂದು ನೋಡಿಕೊಳ್ಳುತ್ತಾನೆ. ಊರು ಬಿಟ್ಟು ಬೇರೆ ಊರಿಗೆ ಹೋದಾಗ ಅಲ್ಲಿನ ದರ್ಜಿಗೆ ಇದೇ ಮಾತು ಹೇಳಿದರೆ? ಅವನು ‘ಯಾವ ಅಳತೆ ಸ್ವಾಮಿ?’ ಎಂದು ಕೇಳಿದರೆ ನಮ್ಮ ಅದೃಷ್ಟ. ಏನೂ ಕೇಳದೆ, ನಮ್ಮನ್ನೊಮ್ಮೆ ನೋಡಿ, ಸಾಮಾನ್ಯವಾಗಿ ಜನರಿಗೆ ಹೊಂದುವ ಅಳತೆಗೆ ಹೊಲಿದುಬಿಟ್ಟರೆ ಅಂಗಿ ಅಚ್ಚುಕಟ್ಟಾಗಿಯೇ ಇರುತ್ತದೆ, ಆದರೆ ನಮಗೆ ಆಗುವುದಿಲ್ಲ.

ಚಾಟ್‌ಜಿಪಿಟಿಯಂತಹ ಸಂಭಾಷಣಾ ಯಂತ್ರಗಳನ್ನು ಓದಿಗೆ ಬಳಸುವ ವಿದ್ಯಾರ್ಥಿಗಳು ಈ ಎರಡನೆಯ ದರ್ಜಿಯ ಅನುಭವವನ್ನು ಆಗಾಗ ಪಡೆಯುತ್ತಾರೆ. ನಿನ್ನೆ ಒಂದು ಸಂಭಾಷಣೆಯಲ್ಲಿ ಬೇಕಾದ ನಮೂನೆಯನ್ನು ವಿವರಿಸಿ ಕೋಷ್ಟಕ ಮಾಡಿಸಿಕೊಂಡಿರುತ್ತಾರೆ. ಇಂದು ಹೊಸ ಸಂಭಾಷಣೆ ತೆರೆದು ‘ಹಿಂದಿನ ನಮೂನೆಯಲ್ಲೇ’ ಎಂದು ಟೈಪ್ ಮಾಡುತ್ತಾರೆ. ಹಾಗೆ ಮಾಡಿದಾಗ ಒಳಗೆ ಏನಾಗುತ್ತದೆ ಎಂಬುದನ್ನು ಪ್ರಯೋಗಶಾಲೆಯ ಒಂದು ಉದಾಹರಣೆಯಿಂದಲೇ ನೋಡೋಣ.

ಪಿಯುಸಿ ಓದುವ ಒಬ್ಬ ವಿದ್ಯಾರ್ಥಿನಿ ಸರಳ ಲೋಲಕದ ಪ್ರಯೋಗ ಮಾಡುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ದಾರದ ತುದಿಗೆ ಗುಂಡು ಕಟ್ಟಿ ತೂಗಿಬಿಟ್ಟು, ಆಂದೋಲನಗಳ ಕಾಲವನ್ನು ಸ್ಟಾಪ್‌ವಾಚಿನಲ್ಲಿ ಅಳೆದು, ಗುರುತ್ವ ವೇಗೋತ್ಕರ್ಷ g ಕಂಡುಹಿಡಿಯುವ ಪ್ರಯೋಗ. ಒಂದೇ ಆಂದೋಲನವನ್ನು ಅಳೆದರೆ ಗುಂಡಿ ಒತ್ತುವುದರಲ್ಲಿ ಆಗುವ ತಡವೇ ದೊಡ್ಡ ತಪ್ಪಾಗುತ್ತದೆ. ಆದ್ದರಿಂದ ಅವಳು 20 ಆಂದೋಲನಗಳ ಕಾಲವನ್ನು ಅಳೆದು 20ರಿಂದ ಭಾಗಿಸುತ್ತಾಳೆ. ಮೊದಲ ದಿನ ಲೋಲಕದ ಉದ್ದ 1.00 ಮೀಟರ್, 20 ಆಂದೋಲನಗಳಿಗೆ 40.1 ಸೆಕೆಂಡು. ಇದನ್ನೆಲ್ಲ ಯಂತ್ರಕ್ಕೆ ವಿವರವಾಗಿ ಬರೆದು, ಯಾವ ಕಾಲಂ ಆದ ಮೇಲೆ ಯಾವ ಕಾಲಂ ಎಂದೂ ಹೇಳಿದಳು. g = 4π²l/T² ಸೂತ್ರದಂತೆ ಉತ್ತರ 9.82 ಬಂತು. ರೆಕಾರ್ಡ್ ಪುಸ್ತಕಕ್ಕೆ ಹಾಕಿಕೊಂಡಳು.

ಮರುದಿನ ಇನ್ನೆರಡು ಉದ್ದಗಳಿಗೆ ಅಳತೆ ತೆಗೆದಳು. ಹೊಸ ಸಂಭಾಷಣೆ ತೆರೆದು ಹೀಗೆ ಬರೆದಳು:

```
ಹಿಂದಿನ ನಮೂನೆಯಲ್ಲೇ ಕೋಷ್ಟಕ ಮಾಡಿ. ಸರಳ ಲೋಲಕ.
ಉದ್ದ 0.80 ಮೀ, ಕಾಲ 35.9 ಸೆ
ಉದ್ದ 0.60 ಮೀ, ಕಾಲ 31.1 ಸೆ
```

ಕೋಷ್ಟಕ ಬಂತು. ಗೆರೆಗಳು, ಶೀರ್ಷಿಕೆಗಳು, ದಶಮಾಂಶಗಳು ಎಲ್ಲವೂ ಒಪ್ಪವಾಗಿದ್ದವು. ಆದರೆ ಕಾಲದ ಕಾಲಮ್ಮಿನ ಮೇಲೆ ‘10 ಆಂದೋಲನಗಳ ಕಾಲ’ ಎಂದಿತ್ತು. ಅದರಂತೆ ಮೊದಲ ಸಾಲಿನ T 3.59 ಸೆಕೆಂಡು ಆಯಿತು. ಕೊನೆಯ ಕಾಲಮ್ಮಿನಲ್ಲಿ g ಎರಡು ಸಾಲಿಗೂ 2.45.

ಈ 2.45 ಎಲ್ಲಿಂದ ಬಂತೆಂದು ಲೆಕ್ಕ ಬಲ್ಲವರಿಗೆ ಹೊಳೆದಿರಬಹುದು. 20ರ ಬದಲು 10ರಿಂದ ಭಾಗಿಸಿದ್ದರಿಂದ T ಎರಡರಷ್ಟಾಯಿತು, T² ನಾಲ್ಕರಷ್ಟಾಯಿತು, g ಕಾಲು ಭಾಗಕ್ಕೆ ಇಳಿಯಿತು. 9.8ರ ಕಾಲು ಭಾಗ 2.45. ಗುಣಾಕಾರ, ಭಾಗಾಕಾರಗಳಲ್ಲಿ ಎಲ್ಲೂ ತಪ್ಪಿಲ್ಲ. ತಪ್ಪಿದ್ದು ನಮೂನೆಯಲ್ಲಿ. ‘ಕಾಲ’ ಎಂಬ ಸಂಖ್ಯೆಗೆ ಏನರ್ಥ ಎಂಬುದು ಅವಳ ನಿನ್ನೆಯ ಶೀರ್ಷಿಕೆಯಲ್ಲಿತ್ತು, ಇಂದಿನ ಮಾತಿನಲ್ಲಿ ಇರಲಿಲ್ಲ. ನಮೂನೆಯೆಂದರೆ ಬರಿಯ ಅಂದಚೆಂದವೆಂದು ತಿಳಿದವರು ಇಲ್ಲಿ ಎಡವುತ್ತಾರೆ.

ನಿನ್ನೆಯ ಮಾತು ಯಂತ್ರಕ್ಕೆ ಏಕೆ ನೆನಪಿಲ್ಲ? ಭಾಷಾ ಮಾದರಿ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ಎರಡು ಬಗೆಯ ಸಾಮಗ್ರಿ ಇರುತ್ತದೆ. ಒಂದು, ಅಪಾರ ಪಠ್ಯವನ್ನು ಓದಿಸಿ ತರಬೇತಿ ಕೊಟ್ಟಾಗ ಅದರೊಳಗೆ ನೆಲೆಗೊಂಡ ಕೋಟ್ಯಂತರ ಸಂಖ್ಯೆಗಳು. ನಾವು ಮಾತನಾಡುತ್ತಿರುವಾಗ ಇವು ಬದಲಾಗುವುದಿಲ್ಲ. ಇನ್ನೊಂದು, ಈಗ ನಡೆಯುತ್ತಿರುವ ಸಂಭಾಷಣೆಯ ಪಠ್ಯ. ನಾವು ಪ್ರತಿ ಸಲ ಹೊಸ ಸಾಲು ಬರೆದಾಗಲೂ ಆ ಸಂಭಾಷಣೆಯಲ್ಲಿ ಅದುವರೆಗೆ ಬರೆದದ್ದೆಲ್ಲ ಹೊಸ ಸಾಲಿನೊಂದಿಗೆ ಸೇರಿ ಮಾದರಿಯ ಮುಂದೆ ಬರುತ್ತದೆ. ಅದನ್ನೆಲ್ಲ ನೋಡಿಕೊಂಡು ಮುಂದಿನ ಪದಗಳನ್ನು ಅದು ಒಂದೊಂದಾಗಿ ಜೋಡಿಸುತ್ತದೆ. ಒಂದೇ ಸಂಭಾಷಣೆಯಲ್ಲಿ ‘ಮೇಲಿನಂತೆಯೇ’ ಎಂದರೆ ಕೆಲಸವಾಗುವುದು ಇದೇ ಕಾರಣಕ್ಕೆ: ‘ಮೇಲಿನದು’ ನಿಜವಾಗಿಯೂ ಅಲ್ಲಿರುತ್ತದೆ. ಹೊಸ ಸಂಭಾಷಣೆಯ ಮೊದಲ ಪುಟದಲ್ಲಿ ಅದು ಇಲ್ಲ.

ಮಾದರಿ ತೋರಿಸಿದರೆ ಅದನ್ನು ಅನುಸರಿಸುವ ಶಕ್ತಿ ಈ ವ್ಯವಸ್ಥೆಗಳಿಗೆ ಚೆನ್ನಾಗಿಯೇ ಇದೆ. ಜಿಪಿಟಿ-3 ಕುರಿತು 2020ರಲ್ಲಿ ಓಪನ್‌ಎಐ ಸಂಶೋಧಕರು ಪ್ರಕಟಿಸಿದ ಪ್ರಬಂಧದ ಮುಖ್ಯ ಮಾತೇ ಇದಾಗಿತ್ತು. ಹೊಸದಾಗಿ ತರಬೇತಿ ಕೊಡದೆ, ಪ್ರಶ್ನೆಯ ಜೊತೆಗೆ ಒಂದೆರಡು ಉದಾಹರಣೆಗಳನ್ನು ಇಟ್ಟರೆ ಸಾಕು, ಅದೇ ಜಾಡಿನಲ್ಲಿ ಮಾದರಿ ಮುಂದುವರಿಯುತ್ತದೆ. ಆದರೆ ಉದಾಹರಣೆ ಪ್ರಶ್ನೆಯ ಜೊತೆಗೇ ಇರಬೇಕು.

ಹಾಗಿದ್ದರೆ ‘ಹಿಂದಿನ ನಮೂನೆ ನನ್ನ ಬಳಿ ಇಲ್ಲ’ ಎಂದು ಅದು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೆಲವು ಸಲ ಹಾಗೆ ಹೇಳುವುದೂ ಉಂಟು. ಆದರೆ ಮುಂದೆ ಬರಲು ಹೆಚ್ಚು ಸಂಭವವಿರುವ ಪದಗಳನ್ನು ಹೊಂದಿಸುವುದೇ ಅದರ ಮೂಲ ಕೆಲಸ. ‘ಸರಳ ಲೋಲಕ’, ‘ಕೋಷ್ಟಕ’ ಎಂಬ ಮಾತುಗಳ ನಂತರ ತಾನು ಓದಿದ ಪಠ್ಯಗಳಲ್ಲಿ ಸಾಮಾನ್ಯವಾಗಿ ಬರುವಂತಹ ಒಂದು ಕೋಷ್ಟಕವನ್ನು ಅದು ಕೊಟ್ಟುಬಿಡುತ್ತದೆ. ಖಾಲಿ ಜಾಗಕ್ಕೆ ಸರಾಸರಿ ಅಳತೆಯ ತುಂಡು ಹಾಕಿ ಹೊಲಿದ ಹಾಗೆ. ಇದರಲ್ಲಿ ಮೋಸದ ಉದ್ದೇಶವೇನೂ ಇಲ್ಲ. ಆದರೆ ತುಂಬಿದ ಜಾಗಕ್ಕೂ ನಾವು ಹೇಳಿದ ಜಾಗಕ್ಕೂ ನಡುವೆ ಹೊಲಿಗೆಯ ಗುರುತೂ ಕಾಣುವುದಿಲ್ಲ. ತೊಂದರೆ ಅಲ್ಲೇ.

ನಮ್ಮ ವಿದ್ಯಾರ್ಥಿನಿಗೆ g ಸುಮಾರು 9.8 ಇರಬೇಕೆಂದು ಮೊದಲೇ ತಿಳಿದಿತ್ತು. ಹೀಗಾಗಿ 2.45 ಕಂಡೊಡನೆ ಬೆಚ್ಚಿದಳು. ಉತ್ತರ ಮೊದಲೇ ತಿಳಿಯದ ಕೆಲಸದಲ್ಲಿ, ಉದಾಹರಣೆಗೆ ಮನೆಮನೆ ಸಮೀಕ್ಷೆಯ ಅಂಕಿ ಅಂಶಗಳಲ್ಲಿ, ಇಂತಹ ತಪ್ಪು ಮೌನವಾಗಿ ರೆಕಾರ್ಡಿಗೆ ಹೋಗಿ ಕೂರುತ್ತದೆ. ಅಲ್ಲಿ ಹಿಡಿಯುವ ದಾರಿ ಒಂದೇ. ಬಂದ ಕೋಷ್ಟಕವನ್ನು ಕೈಯಲ್ಲಿ ಹಿಡಿದು, ಅದರ ಪ್ರತಿ ಶೀರ್ಷಿಕೆ, ಮಾನ ಮತ್ತು ಭಾಜಕವನ್ನು ಇದೇ ಸಂಭಾಷಣೆಯಲ್ಲಿ ನಾನು ಟೈಪ್ ಮಾಡಿದ್ದೇನೆಯೇ ಎಂದು ನೋಡುವುದು. ಮಾಡಿಲ್ಲದಿದ್ದರೆ ಅದು ಊಹೆ. ಮೇಲಿನ ಕೋಷ್ಟಕದಲ್ಲಿ ‘10’ ಎಂಬ ಅಂಕಿ ಅವಳು ಬರೆದದ್ದಲ್ಲ. g ನೋಡುವ ಮೊದಲೇ ಅದು ಸಿಕ್ಕಿಬೀಳುತ್ತಿತ್ತು. ಕಳುಹಿಸುವ ಮುನ್ನವೂ ಒಂದು ಪರೀಕ್ಷೆ ಮಾಡಬಹುದು: ಪರದೆಯ ಮೇಲೆ ಈಗ ಇರುವಷ್ಟನ್ನೇ ಪಕ್ಕದ ಕಾಲೇಜಿನ ಹುಡುಗಿಗೆ ತೋರಿಸಿದರೆ ನನ್ನ ಕೋಷ್ಟಕವನ್ನು ಅವಳು ಹಾಕಬಲ್ಲಳೇ?

ಹೊಸ ಊರಿನ ದರ್ಜಿಗೆ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಹೊಂದುವ ಹಳೆಯ ಅಂಗಿಯೊಂದನ್ನು ಬಟ್ಟೆಯ ಜೊತೆಗೆ ಕೊಟ್ಟು ಬರುತ್ತಿದ್ದರು. ಇಲ್ಲಿಯೂ ಅದೇ. ನಿನ್ನೆಯ ಕೋಷ್ಟಕದ ಶೀರ್ಷಿಕೆಯನ್ನೂ, ತುಂಬಿದ ಒಂದು ಸಾಲನ್ನೂ ನಕಲು ಮಾಡಿ ಹೊಸ ಸಂಭಾಷಣೆಯಲ್ಲಿ ಹಾಕಿದರೆ ಆಯಿತು:

```
ಈ ನಮೂನೆಯಲ್ಲಿ ಕೋಷ್ಟಕ ಮಾಡಿ:
ಉದ್ದ l (ಮೀ) | 20 ಆಂದೋಲನಗಳ ಕಾಲ t (ಸೆ) | T = t/20 | T² | g
1.00 | 40.1 | 2.005 | 4.020 | 9.82
ಹೊಸ ಅಳತೆಗಳು: l = 0.80, t = 35.9; l = 0.60, t = 31.1
```

ಈಗ T 1.795 ಮತ್ತು 1.555 ಸೆಕೆಂಡು ಆಗಬೇಕು, g ಎರಡಕ್ಕೂ 9.80 ಬರಬೇಕು. ಬರಿಯ ಶೀರ್ಷಿಕೆ ಸಾಲದೆ ತುಂಬಿದ ಸಾಲೂ ಏಕೆಂದರೆ, ಎಷ್ಟು ದಶಮಾಂಶ ಸ್ಥಾನ ಬೇಕು, ಭಾಗಾಕಾರ ಹೇಗೆ ಎಂಬುದನ್ನು ಆ ಒಂದು ಸಾಲು ಮಾತಿಲ್ಲದೆ ಹೇಳುತ್ತದೆ. ಈ ನಾಲ್ಕು ಸಾಲನ್ನು ಒಂದು ಕಡತದಲ್ಲೋ ನೋಟ್ ಪುಸ್ತಕದ ಹಿಂದಿನ ಪುಟದಲ್ಲೋ ಬರೆದಿಟ್ಟುಕೊಂಡರೆ ಪ್ರತಿ ವಾರ ನೆನಪಿಸಿಕೊಳ್ಳುವ ಶ್ರಮವಿಲ್ಲ.

ಹಳೆಯ ಸಂಭಾಷಣೆಯನ್ನೇ ಪಟ್ಟಿಯಿಂದ ತೆರೆದು ಅಲ್ಲಿಯೇ ಮುಂದುವರಿಸಬಹುದಲ್ಲವೇ? ಖಂಡಿತ ಮಾಡಬಹುದು. ಆದರೆ ಮಾದರಿ ಒಮ್ಮೆಗೆ ನೋಡಬಲ್ಲ ಪಠ್ಯಕ್ಕೆ ಮಿತಿಯಿದೆ. ತಿಂಗಳುಗಟ್ಟಲೆ ಎಳೆದ ಸಂಭಾಷಣೆಯಲ್ಲಿ ಆರಂಭದ ಭಾಗ ಆ ಮಿತಿಯಿಂದ ಹೊರಗೆ ಬೀಳಬಹುದು. ಪಠ್ಯವನ್ನು ಅದು ಸಣ್ಣ ಚೂರುಗಳಾಗಿ ಎಣಿಸುತ್ತದೆ. ಒಂದೇ ವಿಷಯಕ್ಕೆ ಇಂಗ್ಲಿಷಿಗಿಂತ ಕನ್ನಡಕ್ಕೆ ಸಾಮಾನ್ಯವಾಗಿ ಹೆಚ್ಚು ಚೂರುಗಳು ಬೇಕಾಗುವುದರಿಂದ ನಮ್ಮ ಪಾಲಿನ ಜಾಗ ಬೇಗ ತುಂಬುತ್ತದೆ. ಅಲ್ಲದೆ ಅದೇ ಸಂಭಾಷಣೆಯಲ್ಲಿ ಲೋಲಕದ ಕೋಷ್ಟಕವೂ ಮಸೂರದ ಕೋಷ್ಟಕವೂ ಇದ್ದರೆ ‘ಹಿಂದಿನದು’ ಎಂದರೆ ಯಾವುದು?

ನೆನಪಿನ ಸೌಲಭ್ಯವೂ ಈಗ ಇದೆ. ಚಾಟ್‌ಜಿಪಿಟಿಯಲ್ಲಿ ಅದನ್ನು 2024ರ ಫೆಬ್ರವರಿಯಲ್ಲಿ ಪರೀಕ್ಷೆಗೆ ತಂದರು. 2025ರ ಏಪ್ರಿಲ್‌ನಲ್ಲಿ ಹಳೆಯ ಸಂಭಾಷಣೆಗಳನ್ನೂ ಗಮನಿಸುವಂತೆ ವಿಸ್ತರಿಸಿದರು. ಬಳಕೆದಾರರು ಇದನ್ನು ನಿಲ್ಲಿಸಿಯೂ ಇಡಬಹುದು. ಇಂತಹ ನೆನಪು ‘ಈಕೆ ಪಿಯುಸಿ ವಿದ್ಯಾರ್ಥಿನಿ, ಕೋಷ್ಟಕ ಇಷ್ಟ’ ಎಂಬಂತಹ ಟಿಪ್ಪಣಿಯನ್ನು ಹಿಡಿದಿಟ್ಟೀತು. ನಿನ್ನೆಯ ಕೋಷ್ಟಕದ ಪ್ರತಿ ಕಾಲಂ ಯಥಾವತ್ತಾಗಿ ಬರುತ್ತದೆಂಬ ಭರವಸೆ ಅದರಿಂದ ಸಿಗುವುದಿಲ್ಲ. ನೆನಪಿದೆಯೆಂದು ನಂಬಿ ‘ಹಿಂದಿನಂತೆ’ ಎಂದವರು ಅರ್ಧ ಸರಿಯಾದ ಕೋಷ್ಟಕ ಪಡೆಯುವುದುಂಟು. ಪೂರ್ತಿ ತಪ್ಪಾದುದಕ್ಕಿಂತ ಇದನ್ನು ಹಿಡಿಯುವುದು ಕಷ್ಟ.

ಮಾದರಿ ಕೊಡುವಾಗಲೂ ಒಂದು ಎಚ್ಚರ ಬೇಕು. ಹಳೆಯ ಅಂಗಿಯ ಹರಿದ ಜೇಬನ್ನೂ ಅಳತೆಯೆಂದು ತಿಳಿದು ಹೊಲಿಯುವ ದರ್ಜಿಯಂತೆ, ಉದಾಹರಣೆಯಲ್ಲಿ ಅಕಸ್ಮಾತ್ತಾಗಿ ಇರುವುದನ್ನೂ ಯಂತ್ರ ಅನುಸರಿಸಬಹುದು. ಮಾದರಿ ಸಾಲಿನ 1.00 ಮತ್ತು 40.1 ಹೊಸ ಕೋಷ್ಟಕದ ಮೊದಲ ಸಾಲಾಗಿ ಮತ್ತೆ ಬರುವುದು ಸಾಮಾನ್ಯ. ನಮ್ಮ ವಿದ್ಯಾರ್ಥಿನಿಗೆ ಮೂರು ಉದ್ದಗಳೂ ಒಂದೇ ಕೋಷ್ಟಕದಲ್ಲಿ ಬೇಕಿದ್ದರೆ ಅದು ಅನುಕೂಲವೇ. ಬೇಡವಾಗಿದ್ದರೆ ಮಾದರಿಯ ಕೆಳಗೆ ‘ಮೇಲಿನ ಸಾಲು ನಮೂನೆಗಾಗಿ ಮಾತ್ರ, ಕೋಷ್ಟಕದಲ್ಲಿ ಸೇರಿಸಬೇಡಿ’ ಎಂದು ಇನ್ನೊಂದು ಸಾಲು ಬರೆಯಬೇಕು.