ದೊಡ್ಡ ಗಿರಾಕಿಗೆ ತ್ರೈಮಾಸಿಕ ಸಭೆಯ ಕರೆ

ಪೀಣ್ಯದಲ್ಲಿ ಗಾಡಿಗಳಿಗೆ ಶಾಫ್ಟ್ ಮಾಡಿಕೊಡುವ ಒಂದು ಸಣ್ಣ ಕಾರ್ಖಾನೆ ಇದೆ ಎಂದಿಟ್ಟುಕೊಳ್ಳಿ. ಅದರ ವಹಿವಾಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಸೂರಿನ ಒಂದೇ ಕಂಪನಿಯದು. ಮೂರು ತಿಂಗಳಿಗೊಮ್ಮೆ ಆ ಕಂಪನಿಯವರನ್ನು ಕರೆದು ವ್ಯವಹಾರವನ್ನು ಪರಿಶೀಲಿಸುವುದು ರೂಢಿ. ಬಹಳ ಕಡೆ ಕಳಿಸುವ ಇ-ಮೇಲಿನಲ್ಲಿ ತಾರೀಖು, ವೇಳೆ, ‘ದಯವಿಟ್ಟು ಬನ್ನಿ’ ಇಷ್ಟೇ ಇರುತ್ತದೆ. ಪರ್ಚೇಸ್ ವಿಭಾಗದಿಂದ ಕಿರಿಯ ಅಧಿಕಾರಿಯೊಬ್ಬರು ಬಂದು, ಕಾರ್ಖಾನೆ ನೋಡಿ, ಊಟ ಮಾಡಿ, ‘ಮೇಲಿನವರಿಗೆ ತಿಳಿಸುತ್ತೇನೆ’ ಎಂದು ಹೊರಡುತ್ತಾರೆ. ಅವರನ್ನು ದೂರುವಂತಿಲ್ಲ. ಯಾವ ವಿಷಯಕ್ಕೆ ಒಪ್ಪಿಗೆ ಬೇಕು ಎಂದು ಕರೆದವರೇ ಬರೆದಿರಲಿಲ್ಲ.

ಹಾಗಾಗಿ ಪತ್ರವನ್ನು ಕೊನೆಯಿಂದ ಯೋಚಿಸಬೇಕು: ಸಭೆ ಮುಗಿದಾಗ ಏನು ತೀರ್ಮಾನವಾಗಿರಬೇಕು? ನಮ್ಮ ಕಾರ್ಖಾನೆಗೆ ಎರಡು ತೀರ್ಮಾನ ಬೇಕು. ಒಂದು, ಉಕ್ಕಿನ ಬೆಲೆ ಏರಿದ್ದಕ್ಕೆ ದರ ಪರಿಷ್ಕರಣೆ. ಇನ್ನೊಂದು, ಮಾಲು ತಲುಪಿದ ದಿನವನ್ನು ಹೇಗೆ ಲೆಕ್ಕ ಹಾಕುವುದು ಎಂಬುದು. ಮೊದಲನೆಯದಕ್ಕೆ ಪರ್ಚೇಸ್ ಮುಖ್ಯಸ್ಥರ ಸಹಿ ಬೇಕು, ಎರಡನೆಯದು ಸ್ಟೋರ್ಸ್ ಮತ್ತು ಪ್ಲಾನಿಂಗ್‌ನವರ ಕೈಯಲ್ಲಿದೆ. ಯಾರನ್ನು ಕರೆಯಬೇಕು ಎಂಬುದು ಇಲ್ಲಿಗೆ ತಾನಾಗಿ ಸ್ಪಷ್ಟವಾಗುತ್ತದೆ.

‘ದರದ ಬಗ್ಗೆ ಚರ್ಚೆ’ ಎಂದು ಬರೆದರೆ ಚರ್ಚೆ ಮಾತ್ರ ಆಗುತ್ತದೆ. ಲೆಕ್ಕವನ್ನೇ ಪತ್ರದಲ್ಲಿಡಬೇಕು. ಒಂದು ಶಾಫ್ಟಿಗೆ 1.2 ಕಿಲೋ ಉಕ್ಕಿನ ಬಾರ್ ಬೇಕು. ಅದರಲ್ಲಿ 0.4 ಕಿಲೋ ಚೂರಾಗಿ ಉದುರುತ್ತದೆ, ಆ ಚೂರು ಗುಜರಿಗೆ ಹೋಗುತ್ತದೆ. ಉಕ್ಕು ಕಿಲೋಗೆ 4 ರೂಪಾಯಿ ಏರಿದರೆ ಶಾಫ್ಟಿಗೆ 4.80 ರೂಪಾಯಿ ಹೆಚ್ಚು ಬೀಳುತ್ತದೆ. ಗುಜರಿಯ ಬೆಲೆಯೂ ಕಿಲೋಗೆ 2 ರೂಪಾಯಿ ಏರಿದ್ದರೆ 80 ಪೈಸೆ ವಾಪಸು ಬಂದಂತೆ. ಕೇಳಬೇಕಾದದ್ದು 4 ರೂಪಾಯಿ. ಗುಜರಿಯ 80 ಪೈಸೆಯನ್ನು ತಾವೇ ಕಳೆದು ತೋರಿಸುವುದು ಮುಖ್ಯ. ಅದನ್ನು ಗಿರಾಕಿ ಹುಡುಕಿ ತೆಗೆದರೆ ಉಳಿದ ಅಂಕಿಗಳ ಮೇಲೂ ಅನುಮಾನ ಹುಟ್ಟುತ್ತದೆ. ಆಮೇಲೆ ಕೋರಿಕೆ ಹೀಗಿರಲಿ: ‘ಜುಲೈ 1ರಿಂದ ಕಳಿಸಿದ ಮಾಲಿಗೆ ಶಾಫ್ಟಿಗೆ 4 ರೂಪಾಯಿ ಹೆಚ್ಚಳಕ್ಕೆ ತಮ್ಮ ಒಪ್ಪಿಗೆ ಕೋರುತ್ತೇವೆ. ಉಕ್ಕಿನ ಮಿಲ್ಲಿನ ಬಿಲ್ಲುಗಳು ಇದರೊಂದಿಗಿವೆ.’ ಇದಕ್ಕೆ ಹೌದು, ಇಲ್ಲ, ಅಥವಾ ಇಷ್ಟು ಎಂದು ಉತ್ತರಿಸಬಹುದು.

ಸಭೆಗಳು ಹೆಚ್ಚಾಗಿ ಹಾಳಾಗುವುದು ಎರಡೂ ಕಡೆಯ ಅಂಕಿ ಹೊಂದದೆ. ಈ ತ್ರೈಮಾಸಿಕದಲ್ಲಿ 24 ಲಾಟ್ ಕಳಿಸಬೇಕಿತ್ತು. ಕಾರ್ಖಾನೆಯ ಲೆಕ್ಕದಲ್ಲಿ 22 ಸಮಯಕ್ಕೆ ಹೋಗಿವೆ, ಕಂಪನಿಯ ಲೆಕ್ಕದಲ್ಲಿ 18 ಮಾತ್ರ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕಾರ್ಖಾನೆ ಬಿಲ್ ಮಾಡಿದ ದಿನ ನೋಡುತ್ತದೆ, ಕಂಪನಿ ಸ್ಟೋರ್ಸಿನಲ್ಲಿ ಜಿಆರ್‌ಎನ್, ಅಂದರೆ ಮಾಲು ಬಂದದ್ದಕ್ಕೆ ರಸೀದಿ, ಆದ ದಿನ ನೋಡುತ್ತದೆ. ಶನಿವಾರ ಸಂಜೆ ಗೇಟಿಗೆ ಬಂದ ಲಾರಿಗೆ ಸೋಮವಾರ ಜಿಆರ್‌ಎನ್ ಆಗಬಹುದು. ಇದು ಸಭೆಯಲ್ಲಿ ಬಯಲಾದರೆ ಒಂದು ಗಂಟೆ ವಾದದಲ್ಲೇ ಹೋಗುತ್ತದೆ. ಅದಕ್ಕೇ ಪ್ರತಿ ಲಾಟಿನ ಮುಂದೆ ಬಿಲ್ಲಿನ ದಿನ, ಗೇಟ್ ಎಂಟ್ರಿ ಸೀಲಿನ ದಿನ, ಜಿಆರ್‌ಎನ್ ದಿನ ಮೂರನ್ನೂ ಬರೆದ ಒಂದು ಹಾಳೆಯನ್ನು ಹತ್ತು ದಿನ ಮೊದಲೇ ಕಳಿಸಿ, ‘ತಮ್ಮ ದಾಖಲೆಗೆ ಹೊಂದದ ಸಾಲುಗಳನ್ನು ಸಭೆಗೆ ಐದು ದಿನ ಮುಂಚೆ ತಿಳಿಸಿ’ ಎಂದು ಕೋರಬೇಕು. ವಾದದ ನಾಲ್ಕು ಲಾಟ್‌ಗಳು ಅಲ್ಲೇ ಕಣ್ಣಿಗೆ ಬೀಳುತ್ತವೆ. ಸಭೆಯಲ್ಲಿ ಉಳಿಯುವ ಪ್ರಶ್ನೆ ಒಂದೇ: ಇನ್ನು ಮುಂದೆ ಗೇಟ್ ಎಂಟ್ರಿಯ ದಿನವನ್ನೇ ಹಿಡಿಯೋಣವೇ? ನನ್ನ ಮಟ್ಟಿಗೆ ಅದೇ ನ್ಯಾಯ, ಏಕೆಂದರೆ ಗೇಟಿನಾಚೆಗಿನ ವಿಳಂಬ ಸರಬರಾಜುದಾರನ ಕೈಮೀರಿದ್ದು. ಆದರೆ ನಿಜಕ್ಕೂ ತಡವಾದ ಎರಡು ಲಾಟ್‌ಗಳನ್ನು, ಕಾರಣದ ಸಮೇತ, ಅದೇ ಹಾಳೆಯಲ್ಲಿ ಒಪ್ಪಿಕೊಂಡಿರಬೇಕು.

ರಿಜೆಕ್ಷನ್ ಅಂಕಿಯನ್ನೂ ಹೀಗೇ ಹೊಂದಿಸಬಹುದು. ಬೇರೆ ಗಿರಾಕಿಗಳ ಹೆಸರು, ದರ ಅಥವಾ ಆರ್ಡರ್ ಇರುವ ಯಾವ ಹಾಳೆಯೂ ಇದರ ಜೊತೆ ಹೋಗಬಾರದು. ಹಳೆಯ ಪ್ರೆಸೆಂಟೇಷನ್‌ನಿಂದ ನಕಲು ಮಾಡುವಾಗ ಅಂಥವು ನುಸುಳುತ್ತವೆ.

ಕಾರ್ಯಸೂಚಿಗೆ ಒಂದೂವರೆ ಗಂಟೆ ಸಾಕು. ತೀರ್ಮಾನದ ವಿಷಯಗಳು ಮೊದಲು ಬರಲಿ, ಕಾರ್ಖಾನೆ ತೋರಿಸುವುದು ಕೊನೆಗೆ. ದೊಡ್ಡ ಅಧಿಕಾರಿ ಬೇಗ ಎದ್ದರೂ ಕೆಲಸ ಕೆಡುವುದಿಲ್ಲ. ಏಪ್ರಿಲ್–ಜೂನ್ ಪರಿಶೀಲನೆಗೆ ಜುಲೈ ಮೂರನೇ ವಾರ ಅನುಕೂಲ: ಆಗ ಲೆಕ್ಕ ಮುಗಿದಿರುತ್ತದೆ, ತಿಂಗಳ ಕೊನೆಯ ಡಿಸ್ಪ್ಯಾಚ್ ಗಡಿಬಿಡಿ ಶುರುವಾಗಿರುವುದಿಲ್ಲ. ಕರೆ ಮೂರು ವಾರ ಮೊದಲೇ ತಲುಪಿರಲಿ.

ಪತ್ರದ ಕೊನೆಗೆ ಇನ್ನೊಂದು ಸಾಲು ಬೇಕು: ‘ಒಪ್ಪಿದ ದರಕ್ಕೆ ಪಿಒ ತಿದ್ದುಪಡಿ ಯಾವ ದಿನಾಂಕದೊಳಗೆ ಸಿಗುತ್ತದೆ ಎಂಬುದನ್ನೂ ಸಭೆಯಲ್ಲೇ ನಿಗದಿಪಡಿಸಲು ಕೋರುತ್ತೇವೆ.’ ಬಾಯಿಮಾತಿನ ಒಪ್ಪಿಗೆಯ ಮೇಲೆ ಹೊಸ ದರದ ಬಿಲ್ ಹಾಕಿದರೆ ಅದು ಕಂಪನಿಯ ಪಿಒಗೆ ತಾಳೆಯಾಗದೆ ಅಕೌಂಟ್ಸ್‌ನಲ್ಲಿ ನಿಲ್ಲುತ್ತದೆ. ಆಗ ಹೆಚ್ಚುವರಿ 4 ರೂಪಾಯಿ ಮಾತ್ರವಲ್ಲ, ಇಡೀ ಬಿಲ್ಲಿನ ಹಣವೇ ತಡವಾಗುತ್ತದೆ.